ಫ್ರಿಜ್ ಕೆಟ್ಟ ತಾರೀಖು ಪತ್ರದಲ್ಲಿ ಇದೆಯೇ?

ಅಂಗಡಿಯವರ ಮೇಲೋ ಕಂಪನಿಯ ಮೇಲೋ ದೂರು ಬರೆಯಬೇಕಾಗಿ ಬಂದರೆ ಈಗ ಬಹಳ ಜನ ಫೋನಿನಲ್ಲಿರುವ ಎಐ ತಂತ್ರಾಂಶಕ್ಕೆ ಎರಡು ಸಾಲು ಟೈಪ್ ಮಾಡುತ್ತಾರೆ. ಅರ್ಧ ನಿಮಿಷದಲ್ಲಿ ಒಂದು ಪುಟದ ಪತ್ರ ಸಿದ್ಧವಾಗುತ್ತದೆ. ಕಾಗುಣಿತ ಸರಿಯಿದೆ, ಒಕ್ಕಣೆ ಸರಿಯಿದೆ, ಕಾಯ್ದೆಯ ಹೆಸರೂ ಇದೆ. ಅದನ್ನು ಹಾಗೇ ಕಳಿಸುತ್ತಾರೆ. ಕಂಪನಿಯಿಂದಲೂ ಅಷ್ಟೇ ಚೊಕ್ಕವಾದ ಉತ್ತರ ಬರುತ್ತದೆ: ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ, ನಮ್ಮ ತಂಡ ಶೀಘ್ರದಲ್ಲೇ ನಿಮ್ಮನ್ನು ಸಂಪರ್ಕಿಸಲಿದೆ. ಫ್ರಿಜ್ ಮಾತ್ರ ಕೆಟ್ಟೇ ಇರುತ್ತದೆ.

ಪತ್ರದ ಭಾಷೆಯನ್ನು ಇನ್ನಷ್ಟು ಖಾರ ಮಾಡಿದರೆ ಕೆಲಸವಾದೀತು ಎಂದು ಹಲವರು ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಯಂತ್ರ ಬರೆದ ಕರಡಿನಲ್ಲಿ ಇಲ್ಲದಿರುವುದು ಖಾರವಲ್ಲ, ಸಂಗತಿ. ನಿಮ್ಮ ಮನೆಯಲ್ಲಿ ಯಾವ ದಿನ ಏನಾಯಿತು ಎಂಬುದು ಯಂತ್ರಕ್ಕೆ ಗೊತ್ತಿಲ್ಲ. ಗೊತ್ತಿಲ್ಲದ ಜಾಗವನ್ನು ಅದು ವಿಶೇಷಣಗಳಿಂದ ತುಂಬುತ್ತದೆ, ಕೆಲವೊಮ್ಮೆ ತಾನೇ ಕಟ್ಟಿದ ವಿವರಗಳಿಂದ. ಆದ್ದರಿಂದ ಕರಡನ್ನು ತಿದ್ದುವುದೆಂದರೆ ಮೊದಲು ಬಿಲ್ಲು, ಎಸ್ಸೆಮ್ಮೆಸ್ಸು, ಮೆಕ್ಯಾನಿಕ್ ಕೊಟ್ಟುಹೋದ ಚೀಟಿ ಹುಡುಕುವುದು. ಬರೆಯುವ ಕೆಲಸ ಆಮೇಲಿನದು.

ಇದು ಹೇಗೆ ನಡೆಯುತ್ತದೆಂದು ನೋಡಲು ಒಂದು ಪ್ರಕರಣ ತೆಗೆದುಕೊಳ್ಳೋಣ. ಹಲವು ಮನೆಗಳಲ್ಲಿ ನಡೆಯುವುದನ್ನು ಒಂದೇ ಮನೆಗೆ ತಂದು ಹೇಳುತ್ತಿದ್ದೇನೆ. ಇಲ್ಲಿನ ತಾರೀಖು, ಮೊತ್ತಗಳು ಉದಾಹರಣೆಗಾಗಿ ಮಾಡಿಕೊಂಡವು. ಚಿತ್ರದುರ್ಗದ ಒಬ್ಬ ಗೃಹಿಣಿ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಅತ್ತೆ ಇದ್ದಾರೆ, ಇನ್ಸುಲಿನ್ ಇಡಲು ಫ್ರಿಜ್ ಬೇಕೇ ಬೇಕು. ಯುಗಾದಿಗೆಂದು ಊರಿನ ಅಂಗಡಿಯೊಂದರಲ್ಲಿ ಎರಡು ಬಾಗಿಲಿನ ಫ್ರಿಜ್ ಕೊಂಡರು. ಹತ್ತು ತಿಂಗಳಿಗೆ ತಂಪು ನಿಂತಿತು. ಮೆಕ್ಯಾನಿಕ್ ಬಂದ, ಹೋದ, ಮತ್ತೆ ಬಂದ. ಕೊನೆಗೆ ‘ವಾರಂಟಿ ಮುಗಿದಿದೆ, 4,850 ರೂಪಾಯಿ ಆಗುತ್ತೆ ಮೇಡಂ’ ಎಂದ. ಆಕೆ ಫೋನಿನಲ್ಲಿ ‘ಫ್ರಿಜ್ ಕೆಟ್ಟಿದೆ, ಸರ್ವಿಸ್ ಸರಿಯಿಲ್ಲ, ದುಡ್ಡು ಕೇಳುತ್ತಿದ್ದಾರೆ, ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ, ಓಡಾಡಲು ಪುರುಸೊತ್ತಿಲ್ಲ, ದೂರು ಬರೆದುಕೊಡು’ ಎಂದು ಟೈಪ್ ಮಾಡಿದರು. ಬಂದ ಕರಡಿನ ಮುಖ್ಯ ಭಾಗ ಇಂಥದ್ದು:

“ನಿಮ್ಮ ಪ್ರತಿಷ್ಠಿತ ಸಂಸ್ಥೆಯ ನಿಷ್ಠಾವಂತ ಗ್ರಾಹಕಳಾಗಿರುವ ನಾನು, ನಿಮ್ಮ ಉತ್ಪನ್ನ ಹಾಗೂ ಸೇವೆಯ ಕುರಿತು ನನ್ನ ತೀವ್ರ ಅಸಮಾಧಾನವನ್ನು ವ್ಯಕ್ತಪಡಿಸಲು ಈ ಪತ್ರವನ್ನು ಬರೆಯುತ್ತಿದ್ದೇನೆ. ಇತ್ತೀಚೆಗೆ ಖರೀದಿಸಿದ ರೆಫ್ರಿಜರೇಟರ್ ಗಂಭೀರ ತಯಾರಿಕಾ ದೋಷವನ್ನು ಹೊಂದಿದ್ದು, ಪದೇ ಪದೇ ಮನವಿ ಮಾಡಿದರೂ ಯಾವುದೇ ತೃಪ್ತಿಕರ ಪರಿಹಾರ ದೊರೆತಿಲ್ಲ. ಇದರಿಂದ ನನಗೆ ಅಪಾರ ಮಾನಸಿಕ ಯಾತನೆ ಹಾಗೂ ನನ್ನ ವ್ಯಾಪಾರಕ್ಕೆ ಭಾರೀ ನಷ್ಟ ಉಂಟಾಗಿದೆ. ಗ್ರಾಹಕರ ಸಂರಕ್ಷಣಾ ಕಾಯ್ದೆ 1986ರ ಅನ್ವಯ 5,00,000 ರೂ. ಪರಿಹಾರವನ್ನು ನೀಡಬೇಕು, ಇಲ್ಲವಾದಲ್ಲಿ ಗ್ರಾಹಕರ ವೇದಿಕೆಯಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು.”

ಈ ಪತ್ರವನ್ನು ಕಂಪನಿಯ ದೂರು ವಿಭಾಗದಲ್ಲಿ ಕುಳಿತವರ ಕಣ್ಣಿನಿಂದ ಓದಿ ನೋಡಿ. ‘ಇತ್ತೀಚೆಗೆ’ ಎಂದರೆ ಯಾವಾಗ? ‘ಪದೇ ಪದೇ’ ಎಂದರೆ ಎಷ್ಟು ಸಲ? ಯಾವ ಮಾದರಿ, ಯಾವ ದೂರು ಸಂಖ್ಯೆ? ಅವರ ಕಂಪ್ಯೂಟರಿನಲ್ಲಿ ಹುಡುಕಿ ತೆಗೆಯುವಂಥ ಒಂದು ಅಂಕಿಯೂ ಇಲ್ಲಿಲ್ಲ. ಇದೇ ಪತ್ರವನ್ನು ಟಿವಿ ಕೆಟ್ಟವರೂ ಕಳಿಸಬಹುದು, ಮಿಕ್ಸಿ ಸುಟ್ಟವರೂ ಕಳಿಸಬಹುದು. ಯಾರು ಬೇಕಾದರೂ ಕಳಿಸಬಹುದಾದ ಪತ್ರಕ್ಕೆ ಯಾರಿಗೆ ಬೇಕಾದರೂ ಕೊಡಬಹುದಾದ ಉತ್ತರವೇ ಬರುತ್ತದೆ.

ಬರೀ ಜಳ್ಳಾಗಿದ್ದರೆ ಅಷ್ಟು ಚಿಂತೆಯಿರಲಿಲ್ಲ. ಈ ಕರಡಿನಲ್ಲಿ ಗ್ರಾಹಕಿಗೇ ತಿರುಗಿಬೀಳುವ ಮಾತುಗಳಿವೆ. ಮೊದಲನೆಯದು ‘ನನ್ನ ವ್ಯಾಪಾರಕ್ಕೆ ನಷ್ಟ’. ಮನೆಯಲ್ಲಿ ಹೊಲಿಗೆ ಮಾಡುತ್ತೇನೆ ಎಂದದ್ದನ್ನು ಹಿಡಿದು ಯಂತ್ರ ಈ ಮಾತು ಸೇರಿಸಿದೆ. ಹೊಲಿಗೆಗೂ ಫ್ರಿಜ್ಜಿಗೂ ಸಂಬಂಧವೇ ಇಲ್ಲ. ಆದರೆ ಕಾಯ್ದೆಯ ಪ್ರಕಾರ ವಾಣಿಜ್ಯ ಉದ್ದೇಶಕ್ಕೆ ವಸ್ತು ಕೊಂಡವರು ‘ಗ್ರಾಹಕ’ರೇ ಅಲ್ಲ. ಹೊಟ್ಟೆಪಾಡಿಗಾಗಿ ಸ್ವಂತ ದುಡಿಮೆಗೆ ಬಳಸುವವರಿಗೆ ವಿನಾಯಿತಿ ಇದೆ, ನಿಜ. ಆದರೆ ಅದನ್ನು ವಾದಿಸಿ ಒಪ್ಪಿಸಬೇಕು. ಮನೆಬಳಕೆಗೆ ತಂದ ಫ್ರಿಜ್ಜಿನ ಮೇಲೆ ಇಲ್ಲದ ವ್ಯಾಪಾರವನ್ನು ಹೇರಿ, ಎದುರು ಪಕ್ಷದ ವಕೀಲರಿಗೆ ‘ಈಕೆ ಗ್ರಾಹಕಿಯೇ ಅಲ್ಲ’ ಎನ್ನಲು ಅವಕಾಶ ಯಾಕೆ ಕೊಡಬೇಕು?

ಎರಡನೆಯದು ‘ತಯಾರಿಕಾ ದೋಷ’. ಆಕೆ ಫ್ರಿಜ್ಜಿನ ಒಳಗನ್ನು ಪರೀಕ್ಷಿಸಿದವರಲ್ಲ. ವಸ್ತುವಿನಲ್ಲೇ ದೋಷವಿದೆ ಎಂದು ಹೇಳಿದರೆ ಅದನ್ನು ತೋರಿಸುವ ಹೊಣೆ ಹೇಳಿದವರ ಮೇಲೆ ಬರುತ್ತದೆ. ಪರೀಕ್ಷೆಯಿಲ್ಲದೆ ತಿಳಿಯದ ದೋಷವಾದರೆ ಆಯೋಗ ಅದನ್ನು ಪ್ರಯೋಗಾಲಯಕ್ಕೆ ಕಳಿಸುವ ಕ್ರಮವೂ ಕಾಯ್ದೆಯಲ್ಲಿದೆ. ಆಕೆಗೆ ನಿಜವಾಗಿ ಗೊತ್ತಿರುವುದು ಬೇರೆ: ಹಾಲು ಒಡೆಯಿತು, ಐಸ್ ಕಟ್ಟಲಿಲ್ಲ, ಮೋಟಾರು ನಿಲ್ಲದೆ ಓಡುತ್ತಿತ್ತು, ‘ಕಾಯಿಲ್ ಸೋರುತ್ತಿದೆ’ ಎಂದು ಕಂಪನಿಯ ಮೆಕ್ಯಾನಿಕ್ಕೇ ಚೀಟಿಯಲ್ಲಿ ಬರೆದ. ತಾನು ಕಣ್ಣಾರೆ ಕಂಡದ್ದು ಯಾವುದು, ಅವರ ಮನುಷ್ಯ ಹೇಳಿದ್ದು ಯಾವುದು ಎಂಬುದನ್ನು ಬೇರೆ ಬೇರೆಯಾಗಿ ಬರೆದರೆ ಎರಡೂ ಗಟ್ಟಿಯಾಗಿ ನಿಲ್ಲುತ್ತವೆ. ಬೆರೆಸಿ ‘ತಯಾರಿಕಾ ದೋಷ’ ಎಂದರೆ ಎರಡೂ ಸಡಿಲವಾಗುತ್ತವೆ. ಸಾಮಾನ್ಯ ಗ್ರಾಹಕರಿಗೆ ಕಾಗದಪತ್ರದಿಂದ ತೋರಿಸಲು ಸುಲಭವಾದದ್ದು ಸೇವಾ ನ್ಯೂನತೆ. ವಾರಂಟಿಯೊಳಗೆ ದೂರು ಕೊಟ್ಟೆ, ನೀವು ಸರಿಮಾಡಲಿಲ್ಲ ಎಂಬಷ್ಟೇ ಸರಳ ಮಾತು ಅದು.

ಮೂರನೆಯದು ಕಾನೂನು. 1986ರ ಕಾಯ್ದೆ ಈಗ ಜಾರಿಯಲ್ಲಿಲ್ಲ. 2019ರ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂದಿದೆ, ವೇದಿಕೆಗಳು ಹೋಗಿ ಆಯೋಗಗಳಾಗಿವೆ. ಹಳೆಯ ಕಾಯ್ದೆಯ ಹೆಸರು ಹಾಕಿದ ಪತ್ರ ಕಂಡರೆ ಈಕೆ ಯಾರನ್ನೂ ವಿಚಾರಿಸಿಲ್ಲ, ಆಯೋಗಕ್ಕೆ ಹೋಗುವವಳೂ ಅಲ್ಲ ಎಂದು ಕಂಪನಿಯವರಿಗೆ ತಿಳಿಯುತ್ತದೆ. ಕರಡಿನಲ್ಲಿ ತೀರ್ಪುಗಳ ಹೆಸರು ಬಂದಿದ್ದರಂತೂ ಪೂರ್ತಿ ಹೊಡೆದುಹಾಕಿ. ಎಐ ಕಟ್ಟಿಕೊಟ್ಟ, ಎಲ್ಲೂ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ್ದಕ್ಕೆ 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ವಕೀಲರಿಗೆ 5,000 ಡಾಲರ್ ದಂಡ ಹಾಕಿತ್ತು. ಗ್ರಾಹಕರ ಪತ್ರಕ್ಕೆ ತೀರ್ಪಿನ ಅಗತ್ಯವೇ ಇಲ್ಲ.

ಇನ್ನು ಹುಡುಕುವ ಕೆಲಸ. ಆಕೆ ಮೇಜಿನ ಮೇಲೆ ಇಟ್ಟುಕೊಳ್ಳಬೇಕಾದದ್ದು ಬಿಲ್ಲು, ವಾರಂಟಿ ಕಾರ್ಡು, ಮೆಕ್ಯಾನಿಕ್ ಕೊಟ್ಟ ಜಾಬ್‌ಶೀಟ್‌ಗಳು ಮತ್ತು ಫೋನು. ಬಿಲ್ಲಿನಿಂದ ಶುರು ಮಾಡೋಣ. ‘ಯುಗಾದಿ ದಿನ ತಂದದ್ದು’ ಎಂದು ಆಕೆಯ ನೆನಪು. 2024ರ ಯುಗಾದಿ ಏಪ್ರಿಲ್ 9ಕ್ಕೆ ಬಂದಿತ್ತು. ಬಿಲ್ ನೋಡಿದರೆ ತಾರೀಖು ಏಪ್ರಿಲ್ 8. ದುಡ್ಡು ಕಟ್ಟಿದ್ದು ಹಿಂದಿನ ದಿನ, ಫ್ರಿಜ್ ಮನೆಗೆ ಬಂದದ್ದು ಹಬ್ಬದ ದಿನ. ಒಂದು ದಿನದ ವ್ಯತ್ಯಾಸ ಏನು ಮಹಾ ಅನಿಸಬಹುದು. ಆದರೆ ಆಕೆಯ ವಾರಂಟಿ ಕಾರ್ಡಿನ ಪ್ರಕಾರ ವರ್ಷದ ಲೆಕ್ಕ ಶುರುವಾಗುವುದು ಬಿಲ್ಲಿನ ತಾರೀಖಿನಿಂದ, ಮುಗಿಯುವುದು 2025ರ ಏಪ್ರಿಲ್ 7ಕ್ಕೆ. ಈ ಜಗಳವಿಡೀ ಆ ತಾರೀಖಿನ ಸುತ್ತಲೇ ಇದೆ. ಇನ್ನೊಂದು ಮಾತು: ಈಗಿನ ಬಿಲ್ಲುಗಳು ಹೆಚ್ಚಾಗಿ ಶಾಖಕ್ಕೆ ಕಪ್ಪಾಗುವ ಕಾಗದದ ಮೇಲೆ ಮುದ್ರಣವಾಗುತ್ತವೆ, ವರ್ಷ ಕಳೆಯುವುದರೊಳಗೆ ಅಕ್ಷರ ಮಾಸಿಹೋಗುತ್ತದೆ. ತಂದ ದಿನವೇ ಜೆರಾಕ್ಸ್ ಮಾಡಿಸಿ, ಫೋಟೋ ತೆಗೆದಿಟ್ಟುಕೊಳ್ಳಿ.

ವಾರಂಟಿ ಕಾರ್ಡಿನಲ್ಲಿ ನೋಡಬೇಕಾದದ್ದು ಯಾವ ಭಾಗಕ್ಕೆ ಎಷ್ಟು ಕಾಲ ಎಂಬುದು. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ಹತ್ತು ವರ್ಷದ ವಾರಂಟಿ ಸಾಮಾನ್ಯವಾಗಿ ಕಂಪ್ರೆಸರಿಗೆ ಮಾತ್ರ. ಉಳಿದ ಫ್ರಿಜ್ಜಿಗೆ ಒಂದೇ ವರ್ಷ. ಕಾಯಿಲ್ ಸೋರಿಕೆ, ಗ್ಯಾಸ್ ತುಂಬುವುದು ಇವೆಲ್ಲ ಆ ಒಂದು ವರ್ಷದ ಕೆಳಗೆ ಬರುತ್ತವೆ. ‘ಹತ್ತು ವರ್ಷ ವಾರಂಟಿ ಎಂದು ಹೇಳಿ ಮೋಸ ಮಾಡಿದ್ದೀರಿ’ ಎಂದು ಬರೆದರೆ ಕಂಪನಿ ಒಂದೇ ಸಾಲಿನಲ್ಲಿ ಅದನ್ನು ತಳ್ಳಿಹಾಕುತ್ತದೆ. ಆಕೆಯ ಬಲವಿರುವುದು ಬೇರೆ ಕಡೆ: ದೋಷ ಕಂಡದ್ದೂ ದೂರು ಕೊಟ್ಟದ್ದೂ ಒಂದು ವರ್ಷದೊಳಗೇ.

ಅದನ್ನು ತೋರಿಸುವುದು ಫೋನು. ದೂರು ನೋಂದಾಯಿಸಿದಾಗ ಬಂದ ಎಸ್ಸೆಮ್ಮೆಸ್, ಮೆಕ್ಯಾನಿಕ್ ಬರುವ ಮುಂಚೆ ಬಂದದ್ದು, ದೂರು ಮುಚ್ಚಿದಾಗ ಬಂದದ್ದು, ಎಲ್ಲವೂ ಅಲ್ಲೇ ಬಿದ್ದಿರುತ್ತವೆ. ಆಕೆ ಕೂತು ತೆಗೆದಾಗ ಹೊರಬಂದ ಕಥೆ ಇದು. 2025ರ ಫೆಬ್ರವರಿ 3ಕ್ಕೆ ಮೊದಲ ದೂರು. 5ಕ್ಕೆ ಮೆಕ್ಯಾನಿಕ್ ಬಂದು ಗ್ಯಾಸ್ ತುಂಬಿದ, ದುಡ್ಡು ತೆಗೆದುಕೊಳ್ಳಲಿಲ್ಲ. ಫೆಬ್ರವರಿ 24ಕ್ಕೆ ಮತ್ತೆ ತಂಪು ಹೋಯಿತು. ಶಿವರಾತ್ರಿಯ ಮರುದಿನ, 27ಕ್ಕೆ ಅದೇ ಮೆಕ್ಯಾನಿಕ್ ಬಂದು ಕಾಯಿಲ್ ಸೋರುತ್ತಿದೆ, ಪಾರ್ಟ್ ಬೆಂಗಳೂರಿನಿಂದ ಬರಬೇಕು, ಎಂಟು ದಿನ ಎಂದ. ಹೋಗುವಾಗ ಫೋನಿಗೆ ಬಂದ ಒಟಿಪಿ ಕೇಳಿದ. ‘ನಾನು ಬಂದು ಹೋದದ್ದಕ್ಕೆ ಅಷ್ಟೇ ಮೇಡಂ’ ಎಂದ. ಆಕೆ ಹೇಳಿದರು. ಅದೇ ಸಂಜೆ 6 ಗಂಟೆ 12 ನಿಮಿಷಕ್ಕೆ ‘ನಿಮ್ಮ ದೂರನ್ನು ಪರಿಹರಿಸಲಾಗಿದೆ’ ಎಂಬ ಸಂದೇಶ ಬಂತು. ಆಗ ಅದನ್ನು ಓದಿರಲಿಲ್ಲ.

ಈ ಪ್ರಕರಣದ ಗಂಟು ಇರುವುದೇ ಇಲ್ಲಿ. ಒಟಿಪಿ ಹೋದ ಕ್ಷಣ ಕಂಪನಿಯ ದಾಖಲೆಯಲ್ಲಿ ಕೆಲಸ ಮುಗಿದಂತಾಯಿತು. ಪಾರ್ಟ್ ಬರಲಿಲ್ಲ. ಮಾರ್ಚ್ 12ಕ್ಕೆ ಆಕೆ ಫೋನ್ ಮಾಡಿದಾಗ ‘ನಿಮ್ಮ ಹೆಸರಿನಲ್ಲಿ ಯಾವ ದೂರೂ ಬಾಕಿಯಿಲ್ಲ’ ಎಂದರು. 20ಕ್ಕೆ ಹೊಸ ದೂರು ಬರೆಸಿದರು. ವಾರಂಟಿ ಮುಗಿಯಲು ಆಗಿನ್ನೂ 18 ದಿನ ಇತ್ತು. ಯಾರೂ ಬರಲಿಲ್ಲ. ಮೆಕ್ಯಾನಿಕ್ ಬಂದದ್ದು ಏಪ್ರಿಲ್ 11ಕ್ಕೆ, ವಾರಂಟಿ ಮುಗಿದ ನಾಲ್ಕನೆಯ ದಿನ, 4,850 ರೂಪಾಯಿಯ ಅಂದಾಜು ಪಟ್ಟಿಯ ಜೊತೆ.

ಇಷ್ಟನ್ನು ಓದಿದ ಮೇಲೆ ಯಂತ್ರದ ಕರಡಿಗೆ ಮತ್ತೊಮ್ಮೆ ಕಣ್ಣು ಹಾಯಿಸಿ. ಆಕೆಗೆ ನ್ಯಾಯ ಕೊಡಿಸಬಲ್ಲ ಒಂದೇ ಒಂದು ಸಂಗತಿಯೂ ಅದರಲ್ಲಿಲ್ಲ.

ತಾಂತ್ರಿಕವಾಗಿ ಒಂದು ವಿಷಯ ತಿಳಿದಿರಬೇಕು. ಫ್ರಿಜ್ಜಿನ ಗ್ಯಾಸ್ ಅಡುಗೆ ಅನಿಲದಂತೆ ಖರ್ಚಾಗುವುದಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದೇ ಅನಿಲ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಫ್ರಿಜ್ಜಿಗೆ ಅಂಟಿಸಿದ ಲೇಬಲ್ಲಿನಲ್ಲಿ ಮಾದರಿ, ಸೀರಿಯಲ್ ನಂಬರಿನ ಜೊತೆಗೆ ಯಾವ ಅನಿಲ, ಎಷ್ಟು ಗ್ರಾಂ ಎಂದೂ ಬರೆದಿರುತ್ತದೆ. ಹತ್ತು ತಿಂಗಳಿಗೇ ಗ್ಯಾಸ್ ತುಂಬಬೇಕಾಯಿತು ಎಂದರೆ ಎಲ್ಲೋ ಸೋರಿಕೆ ಇದೆ. ಸೋರುವ ಜಾಗ ಹುಡುಕಿ ಮುಚ್ಚದೆ ಗ್ಯಾಸ್ ತುಂಬಿದರೆ ಅದು ದುರಸ್ತಿಯಲ್ಲ. ಫೆಬ್ರವರಿ 5ರ ಜಾಬ್‌ಶೀಟಿನಲ್ಲಿ ‘ಗ್ಯಾಸ್ ಚಾರ್ಜ್ ಮಾಡಲಾಗಿದೆ’ ಎಂದಷ್ಟೇ ಇದೆ, ಸೋರಿಕೆಯ ಮಾತಿಲ್ಲ. 19 ದಿನಕ್ಕೆ ತಂಪು ಮತ್ತೆ ಹೋಯಿತು. ಈ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು, ಕಂಪನಿಯ ಎಂಜಿನಿಯರಿಗೆ ಅರ್ಥವಾಗುತ್ತದೆ. ‘ಕಳಪೆ ಸೇವೆ’ ಎಂಬ ಶಬ್ದ ಬೇಕಾಗುವುದೇ ಇಲ್ಲ.

ಒಟಿಪಿ ಕೊಟ್ಟದ್ದನ್ನು ಪತ್ರದಲ್ಲಿ ಬರೆಯಬೇಕೇ? ಮುಚ್ಚಿಡೋಣ ಎಂದು ಮನಸ್ಸು ಹೇಳುತ್ತದೆ. ಬರೆಯಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಕಂಪನಿಯ ದಾಖಲೆಯಲ್ಲಿ ಮೊದಲೇ ಇದೆ. ಅವರ ಉತ್ತರದ ಮೊದಲ ಸಾಲೇ ‘ಗ್ರಾಹಕರು ಒಟಿಪಿ ನೀಡಿ ಕೆಲಸ ದೃಢಪಡಿಸಿದ್ದಾರೆ’ ಎಂದಿರುತ್ತದೆ. ಆಕೆಯೇ ಮೊದಲು ಹೇಳಿ, ಯಾವ ಮಾತು ಹೇಳಿ ಪಡೆದರು ಎಂಬುದನ್ನೂ, ಅದೇ ದಿನದ ಜಾಬ್‌ಶೀಟಿನಲ್ಲಿ ‘ಪಾರ್ಟ್ ಬಾಕಿ’ ಎಂದು ಅವರ ಮೆಕ್ಯಾನಿಕ್ಕೇ ಬರೆದದ್ದನ್ನೂ ಮುಂದಿಟ್ಟರೆ ಆ ಉತ್ತರ ಅಲ್ಲೇ ಬಿದ್ದುಹೋಗುತ್ತದೆ. ಪಾರ್ಟ್ ಬಾಕಿ ಇದ್ದ ಕೆಲಸ ಅದೇ ಸಂಜೆ ಹೇಗೆ ಮುಗಿಯಿತು? ತನಗೆ ತೊಡಕಾಗುವ ಸಂಗತಿಯನ್ನೂ ಹೇಳಿಕೊಂಡ ಪತ್ರವನ್ನು ಓದುವವರು ನಂಬುತ್ತಾರೆ. ಯಂತ್ರ ಇದನ್ನು ಬರೆಯಲಾರದು, ಅದಕ್ಕೆ ಒಟಿಪಿಯ ಸುದ್ದಿಯೇ ಗೊತ್ತಿಲ್ಲ.

ಸಂಕಟದ ಮಾತೂ ಹೀಗೆಯೇ. ‘ಅಪಾರ ಮಾನಸಿಕ ಯಾತನೆ’ ಎಂಬುದು ಎಷ್ಟು ದೂರುಗಳಲ್ಲಿ ಬಂದಿದೆಯೆಂದರೆ ಯಾರ ಕಣ್ಣೂ ಅದರ ಮೇಲೆ ನಿಲ್ಲುವುದಿಲ್ಲ. ಈ ಮನೆಯಲ್ಲಿ ನಿಜವಾಗಿ ಆದದ್ದೇನು? ಬಳಸಲು ಶುರುಮಾಡದ ಇನ್ಸುಲಿನ್ ಬಾಟಲಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ಫ್ರಿಜ್ ನಿಂತಾಗ ಒಳಗಿದ್ದ ಎರಡು ಹೊಸ ಬಾಟಲಿಗಳನ್ನು ಡಾಕ್ಟರ ಮಾತಿನಂತೆ ಎಸೆಯಬೇಕಾಯಿತು. ಆಮೇಲೆ ತಂದದ್ದನ್ನು ಪಕ್ಕದ ಮನೆಯ ಫ್ರಿಜ್ಜಿನಲ್ಲಿ ಇಟ್ಟಿದ್ದಾರೆ. ಇಷ್ಟನ್ನು ಹಾಗೆಯೇ ಬರೆದರೆ ಓದಿದವರಿಗೆ ಆ ಮನೆ ಕಾಣುತ್ತದೆ. ಮೆಡಿಕಲ್ ಸ್ಟೋರಿನ 320 ರೂಪಾಯಿಯ ಬಿಲ್ ಅದಕ್ಕೆ ಸಾಕ್ಷಿ. 5 ಲಕ್ಷ ರೂಪಾಯಿ ಯಾತನೆಗಿಂತ 320 ರೂಪಾಯಿಯ ಬಿಲ್ಲಿಗೆ ಹೆಚ್ಚು ತೂಕವಿದೆ.

ಬೇಡಿಕೆಯೂ ಕರಾರುವಾಕ್ಕಾಗಿರಬೇಕು. ದೋಷ ಸರಿಪಡಿಸಿಕೊಡಿ, ವಸ್ತು ಬದಲಿಸಿ, ಹಣ ಹಿಂದಿರುಗಿಸಿ, ನಷ್ಟ ತುಂಬಿಕೊಡಿ ಎಂದು ಆದೇಶಿಸುವ ಅಧಿಕಾರ ಆಯೋಗಕ್ಕಿದೆ. ಪತ್ರದಲ್ಲೂ ಇದೇ ಅಳತೆಯಲ್ಲಿ ಕೇಳುವುದು ಒಳ್ಳೆಯದು: ಮೊದಲು ಏನು, ಎಷ್ಟು ದಿನದೊಳಗೆ, ಅದಾಗದಿದ್ದರೆ ಏನು. 27,490 ರೂಪಾಯಿಯ ಫ್ರಿಜ್ಜಿಗೆ 5 ಲಕ್ಷ ಕೇಳಿದರೆ ಕಂಪನಿಯ ಅಧಿಕಾರಿಗೆ ಒಪ್ಪಿಗೆಯ ದಾರಿಯೇ ಇರುವುದಿಲ್ಲ. ಉಚಿತವಾಗಿ ಕಾಯಿಲ್ ಬದಲಿಸಿ ಎಂದರೆ ಆತ ತನ್ನ ಮಟ್ಟದಲ್ಲೇ ಹೂಂ ಎನ್ನಬಹುದು.

ಈಗ ಆಕೆ ತಿದ್ದಿ ಬರೆದ ಪತ್ರ. ಅಂಗಡಿಗೂ ತಯಾರಿಕಾ ಕಂಪನಿಗೂ ಇಬ್ಬರ ಹೆಸರಿನಲ್ಲೂ ಬರೆದದ್ದು. ಕಂಪನಿಯ ವಿಳಾಸ ಪೆಟ್ಟಿಗೆಯ ಮೇಲೆ, ವಾರಂಟಿ ಕಾರ್ಡಿನಲ್ಲಿ ಸಿಗುತ್ತದೆ.

“ದಿನಾಂಕ: 16-4-2025, ಚಿತ್ರದುರ್ಗ

ವಿಷಯ: ವಾರಂಟಿಯೊಳಗೆ ಕೆಟ್ಟ ಫ್ರಿಜ್ಜನ್ನು ಸರಿಮಾಡದೆ ದೂರು ಮುಚ್ಚಿ, ಈಗ 4,850 ರೂ. ಕೇಳುತ್ತಿರುವ ಬಗ್ಗೆ

ಮಾನ್ಯರೇ,

8-4-2024ರಂದು ನಿಮ್ಮ ಅಂಗಡಿಯಲ್ಲಿ (ಬಿಲ್ ಸಂಖ್ಯೆ 1187) ಎರಡು ಬಾಗಿಲಿನ ಫ್ರಿಜ್ ಕೊಂಡು 27,490 ರೂ. ಯುಪಿಐ ಮೂಲಕ ಕಟ್ಟಿದ್ದೇನೆ. ಮಾದರಿ ಮತ್ತು ಸೀರಿಯಲ್ ನಂಬರ್ ಇರುವ ಲೇಬಲ್ಲಿನ ಫೋಟೋ ಲಗತ್ತಿಸಿದ್ದೇನೆ. ಮನೆಬಳಕೆಗೆ ಕೊಂಡದ್ದು. ಒಂದು ವರ್ಷದ ವಾರಂಟಿ 7-4-2025ರವರೆಗೆ ಇತ್ತು.

3-2-2025ರ ಬೆಳಿಗ್ಗೆ ನೋಡಿದಾಗ ಹಾಲು ಒಡೆದಿತ್ತು, ಮೇಲಿನ ಖಾನೆಯಲ್ಲಿ ಐಸ್ ಕಟ್ಟಿರಲಿಲ್ಲ, ಮೋಟಾರು ನಿಲ್ಲದೆ ಓಡುತ್ತಿತ್ತು. ಅಂದೇ ನಿಮ್ಮ ಕಸ್ಟಮರ್ ಕೇರಿಗೆ ದೂರು ಕೊಟ್ಟೆ. 5-2-2025ರಂದು ನಿಮ್ಮ ಮೆಕ್ಯಾನಿಕ್ ಬಂದು ಗ್ಯಾಸ್ ತುಂಬಿದರು. ಸೋರಿಕೆ ಎಲ್ಲಿದೆ ಎಂದು ನೋಡಲಿಲ್ಲ. 19 ದಿನಕ್ಕೆ, ಅಂದರೆ 24-2-2025ಕ್ಕೆ ಮತ್ತೆ ಅದೇ ತೊಂದರೆ. 27-2-2025ರಂದು ಅದೇ ಮೆಕ್ಯಾನಿಕ್ ಬಂದು ಕಾಯಿಲ್ ಸೋರುತ್ತಿದೆ, ಪಾರ್ಟ್ ಬರಲು ಎಂಟು ದಿನ ಬೇಕು ಎಂದು ಹೇಳಿ ಜಾಬ್‌ಶೀಟಿನಲ್ಲಿ ‘ಪಾರ್ಟ್ ಬಾಕಿ’ ಎಂದು ಬರೆದುಕೊಟ್ಟರು.

ಅವರು ಹೊರಡುವಾಗ ಒಟಿಪಿ ಕೇಳಿದರು. ಯಾಕೆ ಎಂದು ಕೇಳಿದ್ದಕ್ಕೆ ‘ನಾನು ಬಂದು ಹೋದದ್ದಕ್ಕೆ ಅಷ್ಟೇ ಮೇಡಂ’ ಎಂದರು. ಆ ಮಾತು ನಂಬಿ ಹೇಳಿದೆ. ಅದೇ ಸಂಜೆ 6.12ಕ್ಕೆ ದೂರು ಪರಿಹರಿಸಲಾಗಿದೆ ಎಂದು ನಿಮ್ಮಿಂದ ಎಸ್ಸೆಮ್ಮೆಸ್ ಬಂದಿದೆ. ಪಾರ್ಟ್ ಬಾಕಿ ಇದ್ದ ಫ್ರಿಜ್ ಅಂದು ಸರಿಯಾಗಿರಲಿಲ್ಲ. ಇಂದಿಗೂ ಆಗಿಲ್ಲ.

12-3-2025ರಂದು ಫೋನ್ ಮಾಡಿದಾಗ ದೂರೇ ಬಾಕಿಯಿಲ್ಲ ಎಂದರು. 20-3-2025ರಂದು, ವಾರಂಟಿ ಮುಗಿಯಲು 18 ದಿನ ಇರುವಾಗ, ಮತ್ತೆ ದೂರು ಬರೆಸಿದೆ. ಯಾರೂ ಬರಲಿಲ್ಲ. 11-4-2025ರಂದು ಮೆಕ್ಯಾನಿಕ್ ಬಂದು ವಾರಂಟಿ ಮುಗಿದಿದೆ, 4,850 ರೂ. ಕೊಟ್ಟರೆ ಕಾಯಿಲ್ ಹಾಕುತ್ತೇವೆ ಎಂದರು. ತಡ ಮಾಡಿದವರು ನೀವು. ಅದರ ದುಡ್ಡನ್ನು ನಾನು ಯಾಕೆ ಕೊಡಬೇಕು?

ನಮ್ಮ ಅತ್ತೆಯವರಿಗೆ ದಿನಕ್ಕೆ ಎರಡು ಸಲ ಇನ್ಸುಲಿನ್ ಕೊಡಬೇಕು. ಫ್ರಿಜ್ ನಿಂತದ್ದರಿಂದ ಎರಡು ಹೊಸ ಬಾಟಲಿ ಹಾಳಾದವು (320 ರೂ., ಬಿಲ್ ಲಗತ್ತಿಸಿದೆ). ಫೆಬ್ರವರಿ 24ರಿಂದ ಹೊಸ ಬಾಟಲಿಗಳನ್ನು ಪಕ್ಕದ ಮನೆಯಲ್ಲಿ ಇಡುತ್ತಿದ್ದೇವೆ.

ಈ ಪತ್ರ ತಲುಪಿದ 15 ದಿನದೊಳಗೆ ಹಣ ಪಡೆಯದೆ ಕಾಯಿಲ್ ಬದಲಿಸಿ, ಗ್ಯಾಸ್ ತುಂಬಿ ಫ್ರಿಜ್ ಸರಿಮಾಡಿಕೊಡಬೇಕು, 320 ರೂ. ಕೊಡಬೇಕು. ಇಲ್ಲದಿದ್ದರೆ ಹೊಸ ಫ್ರಿಜ್ ಅಥವಾ 27,490 ರೂ. ವಾಪಸು ಕೊಡಬೇಕು. ಎರಡೂ ಆಗದಿದ್ದರೆ ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರ ಅಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.

ಇಂತಿ, (ಸಹಿ)

ಲಗತ್ತು: ಬಿಲ್, ವಾರಂಟಿ ಕಾರ್ಡ್, ಲೇಬಲ್ ಫೋಟೋ, 5-2 ಮತ್ತು 27-2ರ ಜಾಬ್‌ಶೀಟ್, ಎಸ್ಸೆಮ್ಮೆಸ್‌ಗಳ ಸ್ಕ್ರೀನ್‌ಶಾಟ್, 11-4ರ ಅಂದಾಜು ಪಟ್ಟಿ, ಮೆಡಿಕಲ್ ಬಿಲ್.”

ಈ ಪತ್ರದಲ್ಲಿ ಸಿಟ್ಟಿಲ್ಲವೇ? ಇದೆ. ‘ತಡ ಮಾಡಿದವರು ನೀವು’ ಎಂಬಲ್ಲಿ ಇದೆ, ‘ಇಂದಿಗೂ ಆಗಿಲ್ಲ’ ಎಂಬಲ್ಲಿ ಇದೆ. ಎರಡೂ ಮಾತು ತಾರೀಖುಗಳ ಬೆನ್ನಿಗೇ ಬಂದಿರುವುದರಿಂದ ಅವನ್ನು ಅಲ್ಲಗಳೆಯುವುದು ಕಷ್ಟ. ಯಂತ್ರದ ಕರಡಿನಲ್ಲಿ ಸಿಟ್ಟು ಮೊದಲ ಸಾಲಿನಲ್ಲೇ ಬರುತ್ತದೆ, ಯಾಕೆ ಎಂದು ಓದುವವರಿಗೆ ಇನ್ನೂ ತಿಳಿದಿರುವುದಿಲ್ಲ. ಇನ್ನೊಂದು ವ್ಯತ್ಯಾಸ ಗಮನಿಸಿ. ಕರಡಿನ ವಾಕ್ಯಗಳೆಲ್ಲ ಒಂದೇ ಉದ್ದ, ಒಂದೇ ಬಿಗಿ. ನೊಂದವರು ಹಾಗೆ ಮಾತಾಡುವುದಿಲ್ಲ. ನಡೆದದ್ದನ್ನು ಹೇಳುವಾಗ ಮಾತು ಉದ್ದವಾಗುತ್ತದೆ, ನೋವು ಬಂದಲ್ಲಿ ತುಂಡಾಗುತ್ತದೆ. ತಿದ್ದಿದ ಪತ್ರವನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಪಕ್ಕದ ಮನೆಯವರ ಮುಂದೆ ಹೇಳಲು ನಾಲಿಗೆ ತೊಡರುವ ವಾಕ್ಯ ಸಿಕ್ಕಿದರೆ ಅದು ಯಂತ್ರದ್ದು, ತೆಗೆದುಹಾಕಿ.

ವಿವರ ಬೇಕು ಎಂದು ಇಲ್ಲದ ವಿವರ ಸೇರಿಸುವ ಆಸೆಯೂ ಹುಟ್ಟಬಹುದು. ‘ತಾರೀಖುಗಳನ್ನು ಹಾಕಿ ನಂಬುವಂತೆ ಬರೆ’ ಎಂದು ಯಂತ್ರಕ್ಕೆ ಹೇಳಿದರೆ ಅದು ತಾರೀಖು ಕಟ್ಟಿಯೇ ಕಟ್ಟುತ್ತದೆ, ಮೆಕ್ಯಾನಿಕ್ಕಿಗೊಂದು ಹೆಸರೂ ಇಡುತ್ತದೆ. ಓದಲು ಅಸಲಿನಂತೆಯೇ ಇರುತ್ತದೆ. ಆದರೆ ಆಯೋಗದ ಮುಂದೆ ದೂರು ನಿಲ್ಲುವುದು ಪ್ರಮಾಣಪತ್ರ ಮತ್ತು ದಾಖಲೆಗಳ ಮೇಲೆ. ಪತ್ರದಲ್ಲಿ ಬರೆದದ್ದನ್ನೇ ನೀವು ನಾಳೆ ಪ್ರಮಾಣ ಮಾಡಿ ಹೇಳಬೇಕು. ಕಂಪನಿಯ ಕಂಪ್ಯೂಟರಿನಲ್ಲಿ ಫೆಬ್ರವರಿ 5 ಇದ್ದು ನಿಮ್ಮಲ್ಲಿ 9 ಇದ್ದರೆ, ಉಳಿದ ಹತ್ತು ನಿಜಗಳ ಮೇಲೂ ಅನುಮಾನ ಬೀಳುತ್ತದೆ. ತಾರೀಖು ನೆನಪಿಲ್ಲದಿದ್ದರೆ ‘ಮಾರ್ಚ್ ಎರಡನೆಯ ವಾರ’ ಎಂದು ಬರೆಯಿರಿ, ಅದು ತಪ್ಪಲ್ಲ. ಕರಡಿನಲ್ಲಿರುವ ಪ್ರತಿ ಅಂಕಿಯ ಪಕ್ಕ ಪೆನ್ಸಿಲಿನಲ್ಲಿ ಅದು ಎಲ್ಲಿಂದ ಬಂತು ಎಂದು ಗುರುತು ಹಾಕುತ್ತಾ ಹೋಗಿ: ಬಿಲ್ಲು, ಎಸ್ಸೆಮ್ಮೆಸ್, ಜಾಬ್‌ಶೀಟ್, ನೆನಪು. ಇವು ಯಾವುದರಿಂದಲೂ ಬಾರದ ಅಂಕಿ ಪತ್ರದಲ್ಲಿ ಇರಬಾರದು.

ಹಾಗಾದರೆ ಯಂತ್ರದಿಂದ ಉಪಯೋಗವೇ ಇಲ್ಲವೇ? ಇದೆ, ಕೊಂಚ ಇದೆ. ಬರೆಯಲು ಕೂತಾಗ ಕೈ ಓಡದವರಿಗೆ ವಿಷಯ, ವಿವರ, ಬೇಡಿಕೆ, ಲಗತ್ತು ಎಂಬ ಚೌಕಟ್ಟು ಸಿಗುತ್ತದೆ. ಕನ್ನಡದಲ್ಲಿ ಬರೆದ ಪತ್ರಕ್ಕೆ ದೂರದ ಊರಿನ ಕಂಪನಿ ಕಚೇರಿಗಾಗಿ ಇಂಗ್ಲಿಷ್ ಪ್ರತಿ ಮಾಡಿಸಿಕೊಳ್ಳಬಹುದು, ಅಂಕಿಗಳು ಬದಲಾಗಿಲ್ಲವೆಂದು ನೋಡಿಕೊಂಡರೆ ಸಾಕು. ಆದರೆ ಆಧಾರ್ ಸಂಖ್ಯೆ, ಬ್ಯಾಂಕ್ ವಿವರ, ಅತ್ತೆಯ ಆಸ್ಪತ್ರೆ ಚೀಟಿ ಇಂಥವನ್ನು ಅದಕ್ಕೆ ಕೊಡಬೇಡಿ. ಪತ್ರಕ್ಕೆ ಅವು ಬೇಕಾಗಿಯೂ ಇಲ್ಲ.

ಪತ್ರವನ್ನು ಇಮೇಲ್ ಮಾಡಿದರೂ ಒಂದು ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನೂ ತಲುಪಿದ ವಿವರವನ್ನೂ ಇಟ್ಟುಕೊಳ್ಳಿ. ಆನ್‌ಲೈನ್ ಮಳಿಗೆಯಲ್ಲಿ ಕೊಂಡಿದ್ದರೆ ಆ ಸಂಸ್ಥೆಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು ಎಂದು 2020ರ ಇ-ಕಾಮರ್ಸ್ ನಿಯಮ ಹೇಳುತ್ತದೆ. 15 ದಿನ ಕಳೆದೂ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಆಯೋಗಕ್ಕೆ ಹೋಗುವುದಾದರೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಎಲ್ಲಿದೆಯೋ ಅಲ್ಲಿಗೆ ಓಡಬೇಕಿಲ್ಲ. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ನೀವೇ ಹಾಜರಾಗಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಯಾವ ದಿನ ಹುಟ್ಟಿತು ಎಂಬ ವಾದಕ್ಕೆ ಎಡೆಗೊಡದಂತೆ ಫ್ರಿಜ್ ಮೊದಲು ಕೆಟ್ಟ ಫೆಬ್ರವರಿ 3ರಿಂದಲೇ ಎಣಿಸಿಕೊಳ್ಳುವುದು ಕ್ಷೇಮ. ಆಗ ಈಕೆಗೆ 2027ರ ಫೆಬ್ರವರಿ 2ರವರೆಗೆ ಕಾಲಾವಕಾಶವಿದೆ.

ಈ ಲೇಖನ ಓದುತ್ತಿರುವ ನಿಮ್ಮ ಮನೆಯಲ್ಲೂ ಏನಾದರೂ ಕೆಟ್ಟು ದೂರು ಬಾಕಿಯಿದ್ದರೆ, ಪತ್ರ ಬರೆಯುವುದು ನಾಳೆಯಾದರೂ ಚಿಂತೆಯಿಲ್ಲ, ಕಂಪನಿಯಿಂದ ಬಂದ ಎಸ್ಸೆಮ್ಮೆಸ್‌ಗಳ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಟ್ಟುಕೊಳ್ಳಿ. ಮುಂದಿನ ಸಲ ಮೆಕ್ಯಾನಿಕ್ ಒಟಿಪಿ ಕೇಳಿದರೆ, ಕೆಲಸ ಮುಗಿದದ್ದನ್ನು ನಿಮ್ಮ ಕಣ್ಣಿನಿಂದ ನೋಡಿದ ಮೇಲೆಯೇ ಕೊಡಿ.